ಲಾಭ, ಎರಡು, ಮೂರು

ಅಜ್ಜಿಯ ಫೋನಿಗೆ ಆ ಫೋಟೋ ಬಂದದ್ದು ಹೊಳಲ್ಕೆರೆಯ ನೆಂಟರ ಮನೆಯಿಂದ. ಅವರ ಹಳೆಯ ಮನೆ ಕೆಡವುವಾಗ ಗೋಡೆಯ ಮೇಲಿದ್ದ ಪಟವೊಂದನ್ನು ಯಾರೋ ಹುಡುಗ ಫೋಟೋ ತೆಗೆದು ಕಳಿಸಿದ್ದ. ಸೂರ್ಯನಮಸ್ಕಾರದ ಹನ್ನೆರಡು ಭಂಗಿಗಳ ಪಟ. ಚಡ್ಡಿ ಹಾಕಿದ ಹುರಿಗಟ್ಟಿದ ಮೈಯ ಹುಡುಗನೊಬ್ಬ ಒಂದೊಂದು ಚೌಕದಲ್ಲಿ ಒಂದೊಂದು ರೀತಿ ನಿಂತು, ಬಾಗಿ, ಮಲಗಿ, ಮತ್ತೆ ಎದ್ದು ನಿಲ್ಲುತ್ತಾನೆ. ಅದೇ ಪಟದ ಇನ್ನೊಂದು ಪ್ರತಿ ಹಿಂದೆ ಹಿರೇಗುಂಟನೂರಿನ ನಮ್ಮ ಮನೆಯಲ್ಲೂ ಇತ್ತಂತೆ. ಅಜ್ಜ ಚಿಕ್ಕ ವಯಸ್ಸಿನಲ್ಲಿ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರ ಶಿಬಿರವೊಂದರಲ್ಲಿ ನಮಸ್ಕಾರ ಕಲಿತು ಬಂದವರು. ಕೊನೆಯ ಕಾಯಿಲೆ ಬೀಳುವವರೆಗೆ ಬೆಳಗಿನ ಹೊತ್ತು ಅಂಗಳದಲ್ಲಿ ಅದನ್ನು ಬಿಟ್ಟವರಲ್ಲ. ಅಜ್ಜಿ ಅದೇ ಅಂಗಳಕ್ಕೆ ನೀರು ಚಿಮುಕಿಸುತ್ತಾ ನಲವತ್ತು ವರ್ಷ ಅದನ್ನು ನೋಡಿದ್ದಾಳೆ, ಒಂದು ದಿನವೂ ಮಾಡಿಲ್ಲ.

ಫೋಟೋ ಬಂದ ವಾರದಲ್ಲೇ ಮಾಡಿದಳು. ಒಬ್ಬಳೇ, ಯಾರಿಗೂ ಹೇಳದೆ, ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ. ಮೂರನೆಯ ಚೌಕದ ಹುಡುಗ ಅಂಗೈಯನ್ನು ನೆಲಕ್ಕೆ ಊರಿ ತಲೆಯನ್ನು ಮೊಣಕಾಲಿಗೆ ಹಚ್ಚಿದ್ದಾನೆ. ಅಜ್ಜಿ ಕೈ ಹೋದಷ್ಟು ಬಾಗಿ, ಅದೇ ರಭಸದಲ್ಲಿ ಎದ್ದಿದ್ದಾಳೆ. "ತಲೆ ಗಿರ್ ಅಂತು ಕಣೆ, ಕಂಬ ಹಿಡ್ಕಂಡೆ, ಇಲ್ದಿದ್ರೆ ಅಂಗಳದಾಗೆ ಬೀಳ್ತಿದ್ದೆ" ಎಂದು ಫೋನಿನಲ್ಲಿ ಹೇಳಿದ್ದು ಹತ್ತು ದಿನದ ಮೇಲೆ, ಅದೂ ನಗುತ್ತಾ. ನನಗೆ ನಗು ಬರಲಿಲ್ಲ. ಅವಳು ಒಬ್ಬಳೇ ಇರುವುದು. ಒಮ್ಮೆ ಬಿದ್ದರೆ ಬೆಂಗಳೂರಿನ ಮಾವನ ಮನೆಗೆ ಕರೆದೊಯ್ಯುತ್ತಾರೆ, ಅಲ್ಲಿಂದ ಅವಳು ವಾಪಸು ಬರುವುದಿಲ್ಲ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. "ಅದನ್ನ ಬಿಟ್ಬಿಡು ಅಜ್ಜಿ, ವಾಕಿಂಗ್ ಮಾಡು" ಎಂದೆ. "ವಾಕಿಂಗ್ ನಿಮ್ಮಜ್ಜ ಮಾಡ್ತಿರಲಿಲ್ಲ" ಎಂದಳು.

ಹಾಗಾಗಿ ದಸರಾ ರಜೆಗೆ ಊರಿಗೆ ಹೋದಾಗ ಆ ಫೋಟೋ ಹಿಡಿದು ಕೂತೆ. ನಾನು ಓದುತ್ತಿರುವುದು ಗ್ರಂಥಸಂಪಾದನೆ. ತುಂಡಾದ ಗರಿ, ಮಸುಕಾದ ಅಕ್ಷರಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಇದೂ ಅಂಥದ್ದೇ ಒಂದು ಪ್ರತಿ. ಓರೆಯಾಗಿ ತೆಗೆದ ಫೋಟೋ. ಮೂರು ಸಾಲಿನಲ್ಲಿ ನಾಲ್ಕು ನಾಲ್ಕು ಚೌಕ. ಕೆಳಗಿನ ಸಾಲು ಪೂರ್ತಿ ಕತ್ತರಿಸಿ ಹೋಗಿದೆ. ನಡುವಿನ ಸಾಲಿನಲ್ಲಿ ಗಾಜಿನ ಮೇಲೆ ಬಿದ್ದ ಬೆಳಕು ಆರು ಮತ್ತು ಏಳನೆಯ ಚೌಕವನ್ನು ನುಂಗಿದೆ. ಆದರೆ ಸೂರ್ಯನಮಸ್ಕಾರ ಹೋದ ದಾರಿಯಲ್ಲೇ ವಾಪಸು ಬರುವ ಕ್ರಮ. ಒಂಬತ್ತು ನಾಲ್ಕರ ಹಾಗೆ, ಹತ್ತು ಮೂರರ ಹಾಗೆ, ಹನ್ನೊಂದು ಎರಡರ ಹಾಗೆ, ಹನ್ನೆರಡು ಮೊದಲಿನ ಹಾಗೆ ಕೈಮುಗಿದು ನಿಲ್ಲುವುದು. ಕಳೆದುಹೋದ ಸಾಲು ಮೇಲಿನ ಸಾಲಿನಲ್ಲೇ ಇದೆ. ಪ್ರತಿ ಚೌಕದ ಕೆಳಗೆ ಪೂರಕ, ರೇಚಕ ಎಂದು ಒಂದಾದ ಮೇಲೊಂದು ಬರೆದಿತ್ತು, ಉಸಿರು ಒಳಕ್ಕೆ, ಉಸಿರು ಹೊರಕ್ಕೆ. ಬೆಳಕು ನುಂಗಿದ ಆರನೆಯದರಲ್ಲಿ 'ಕುಂ' ಅನ್ನುವುದಷ್ಟೇ ಉಳಿದಿತ್ತು. ಅದು ಸಾಷ್ಟಾಂಗದ ಭಂಗಿ, ಅಲ್ಲಿ ಕುಂಭಕ, ಅಂದರೆ ಉಸಿರು ಕಟ್ಟಿ ಹಿಡಿಯುವುದು. ಏಳು ಭುಜಂಗಾಸನ, ಅಲ್ಲಿ ಎದೆ ಮೇಲೆ ಬರುವುದರಿಂದ ಪೂರಕ. ಅರ್ಧ ಗಂಟೆಯಲ್ಲಿ ಪಾಠ ಸಿದ್ಧವಾಯಿತು, ನನಗೆ ಹೆಮ್ಮೆಯೂ ಆಯಿತು.

ಆ ಪಾಠದಿಂದ ಅಜ್ಜಿಗೆ ಮೂರು ಕಾಸಿನ ಪ್ರಯೋಜನವಿರಲಿಲ್ಲ. ಪಟದಲ್ಲಿರುವುದು ತಲುಪಿದ ಜಾಗಗಳು ಮಾತ್ರ. ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುವ ದಾರಿ ಎರಡು ಚೌಕಗಳ ನಡುವಿನ ಬಿಳಿ ಗೆರೆಯಲ್ಲಿದೆ. ಇಪ್ಪತ್ತರ ಹುಡುಗನಿಗೆ ಆ ದಾರಿ ಲೆಕ್ಕಕ್ಕೇ ಬರುವುದಿಲ್ಲ. ಎಪ್ಪತ್ನಾಲ್ಕರಲ್ಲಿ ಬೀಳುವುದೆಲ್ಲ ಅಲ್ಲೇ. ಅಜ್ಜಿಗೆ ತಲೆ ತಿರುಗಿದ್ದು ಬಾಗಿ ನಿಂತಿದ್ದಾಗ ಅಲ್ಲ, ಏಳುವಾಗ. ಬಾಗಿದ ತಲೆ ಥಟ್ಟನೆ ಮೇಲೆ ಬಂದಾಗ ರಕ್ತದೊತ್ತಡ ಒಂದು ಕ್ಷಣ ಇಳಿಯುತ್ತದೆ. ವಯಸ್ಸಾದವರ ದೇಹ ಅದನ್ನು ಸರಿಪಡಿಸಿಕೊಳ್ಳುವುದು ನಿಧಾನ, ಬಿ.ಪಿ. ಗುಳಿಗೆ ತೆಗೆದುಕೊಳ್ಳುವವರಲ್ಲಿ ಇನ್ನೂ ನಿಧಾನ. ಇನ್ನು ಉಸಿರಿನ ಬಗ್ಗೆ ಪಟ ಹೇಳುವುದು ದಿಕ್ಕನ್ನು ಮಾತ್ರ, ಉದ್ದವನ್ನಲ್ಲ. ಎಷ್ಟು ಹೊತ್ತು ಎಳೆಯಬೇಕು, ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ಎದುರಿಗೆ ನಿಂತ ಗುರು ಹೇಳುತ್ತಿದ್ದ.

ಇಂಥ ಕ್ರಮಗಳೆಲ್ಲ ನಮ್ಮ ಕಾಲದ ರೂಪ ಪಡೆದದ್ದು ಹುಡುಗರ ಸಾಲುಗಳ ಮುಂದೆ. ಔಂಧದ ರಾಜ ಭವಾನರಾವ್ ಪಂತ ಪ್ರತಿನಿಧಿ ಸೂರ್ಯನಮಸ್ಕಾರವನ್ನು ಶಾಲೆಗಳ ವ್ಯಾಯಾಮವಾಗಿ ಹಬ್ಬಿಸಿದರು. ಅದೇ ಕಾಲಕ್ಕೆ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಹುಡುಗರಿಗೆ ಕಲಿಸುತ್ತಿದ್ದರು. ಕೃಷ್ಣಮಾಚಾರ್ಯರು ನಮ್ಮ ಜಿಲ್ಲೆಯವರೇ, 1888ರಲ್ಲಿ ಮುಚುಕುಂದಪುರದಲ್ಲಿ ಹುಟ್ಟಿದವರು. ಅವರ 'ಯೋಗ ಮಕರಂದ' 1934ರಲ್ಲಿ ಮೊದಲು ಬಂದದ್ದು ಕನ್ನಡದಲ್ಲಿ. ಮೈಸೂರಿನಲ್ಲಿ ಹುಡುಗರನ್ನು ಹುರಿಗೊಳಿಸಿದ ಅದೇ ಮನುಷ್ಯ ಮುಂದೆ ಮದ್ರಾಸಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಅವರವರ ಮೈಗೆ, ವಯಸ್ಸಿಗೆ, ಉಸಿರಿಗೆ ತಕ್ಕಂತೆ ಕ್ರಮವನ್ನೇ ಬದಲಿಸಿ ಹೇಳಿಕೊಟ್ಟರು. ತೊಂಬತ್ತಾರರಲ್ಲಿ ಸ್ವತಃ ಅವರ ಸೊಂಟದ ಮೂಳೆ ಮುರಿದಾಗ, ಹಾಸಿಗೆಯಲ್ಲೇ ಮಾಡಬಹುದಾದ ಅಭ್ಯಾಸವೊಂದನ್ನು ತಮಗಾಗಿ ಕಟ್ಟಿಕೊಂಡರೆಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಅವರ ಪರಂಪರೆಯಲ್ಲಿ ಒಂದು ನಿಯಮವಿದೆ: ಉಸಿರು ಮೊದಲು ಹೊರಡಬೇಕು, ಅದರೊಳಗೆ ಚಲನೆ ಶುರುವಾಗಿ ಅದರೊಳಗೇ ಮುಗಿಯಬೇಕು. ಉಸಿರು ಸಾಲದಿದ್ದರೆ ಚಲನೆಯನ್ನು ಚಿಕ್ಕದು ಮಾಡಬೇಕು, ಉಸಿರನ್ನು ಎಳೆಯಬಾರದು. ಅಜ್ಜಿಯ ಮಟ್ಟಿಗೆ ಈ ಒಂದು ನಿಯಮವನ್ನೇ ಹಿಡಿದುಕೊಂಡೆ.

ಮೊದಲು ಅವಳ ಬಿ.ಪಿ. ನೋಡುವ ಡಾಕ್ಟರರನ್ನು ಫೋಟೋ ತೋರಿಸಿಯೇ ಕೇಳಿದೆವು. ಅವರು ಮೂರು ಮಾತು ಹೇಳಿದರು. ತಲೆ ಎದೆಗಿಂತ ಕೆಳಗೆ ಹೋಗಬಾರದು, ಉಸಿರು ಕಟ್ಟಬಾರದು, ಮಂಡಿ ಊರಬಾರದು. ಉಸಿರು ಕಟ್ಟಿ ಶಕ್ತಿ ಹಾಕಿದರೆ ಒತ್ತಡ ಒಮ್ಮೆಗೇ ಏರುತ್ತದೆ, ಆರನೆಯ ಚೌಕದ ಕುಂಭಕ ಅಲ್ಲಿಗೆ ಹೋಯಿತು. ಮೂರು ಮತ್ತು ಹತ್ತು ತಲೆಯ ಕಾರಣಕ್ಕೆ ಹೋದವು. ನಾಲ್ಕರಿಂದ ಒಂಬತ್ತರವರೆಗೆ ನೆಲಕ್ಕೆ ಇಳಿಯಬೇಕು, ಅವೂ ಹೋದವು. ಹನ್ನೆರಡರಲ್ಲಿ ಉಳಿದದ್ದು ಕೈ ಮುಗಿಯುವುದು, ಕೈ ಎತ್ತುವುದು. ಅಜ್ಜಿ ಮುಖ ಸಣ್ಣದು ಮಾಡಿಕೊಂಡಳು. "ಇಷ್ಟಕ್ಕೆ ಪಟ ಯಾಕೆ, ದೇವರ ಮುಂದೆ ದಿನಾ ಮಾಡ್ತೀನಲ್ಲ."

ಅವಳು ಹೇಳಿದ್ದು ಸರಿಯಾಗಿತ್ತು. ಹಾಗಾಗಿ ಭಂಗಿಯನ್ನು ಬಿಟ್ಟು, ಆ ಭಂಗಿ ಮೈಗೆ ಏನು ಮಾಡುತ್ತದೆ ಎಂದು ನೋಡತೊಡಗಿದೆ. ಮೂರನೆಯದು ಸೊಂಟದಿಂದ ಮುಂದಕ್ಕೆ ಮಡಿಯುವುದು, ಅದನ್ನು ಕೂತು ಅರ್ಧ ಮಾಡಬಹುದು. ನಾಲ್ಕನೆಯದು ಒಂದು ಕಾಲನ್ನು ಹಿಂದಕ್ಕೆ ಚಾಚಿ ತೊಡೆಯ ಮುಂಭಾಗವನ್ನು ಬಿಡಿಸುವುದು, ಗೋಡೆ ಹಿಡಿದು ಮಾಡಬಹುದು. ಐದರಿಂದ ಎಂಟು ಕೈಯ ಮೇಲೆ ಭಾರ ಹೊತ್ತು ಎದೆಯನ್ನು ಇಳಿಸಿ ಎತ್ತುವುದು, ನೆಲದ ಬದಲು ಗೋಡೆಯೇ ನೆಲವಾಗಬಹುದು. ಖುರ್ಚಿ ಎಂದಾಗ ಅಜ್ಜಿ ಒಪ್ಪಲಿಲ್ಲ, ಆಸ್ಪತ್ರೆಯ ನೆನಪು ಬರುತ್ತದೆ ಅವಳಿಗೆ. ಒಳ್ಳೆಯದೇ ಆಯಿತು. ಮನೆಯಲ್ಲಿದ್ದದ್ದು ಪ್ಲಾಸ್ಟಿಕ್ ಖುರ್ಚಿ, ನಯವಾದ ನೆಲದ ಮೇಲೆ ಅದರ ಕಾಲು ಸರಿಯುತ್ತದೆ. ಅಜ್ಜ ಕೂರುತ್ತಿದ್ದ ಮರದ ಬೆಂಚನ್ನು ಪಡಸಾಲೆಯ ಗೋಡೆಗೆ ಒತ್ತಿ ಇಟ್ಟೆವು. ಕೂತರೆ ಅವಳ ಪಾದ ಪೂರ್ತಿ ನೆಲಕ್ಕೆ ತಾಗುತ್ತದೆ, ತೊಡೆ ಮಟ್ಟವಾಗಿ ನಿಲ್ಲುತ್ತದೆ. ಆಸನದ ಎತ್ತರ ಸರಿಯಿದೆ ಎನ್ನುವುದಕ್ಕೆ ಅಷ್ಟು ಗುರುತು ಸಾಕು.

ಇನ್ನು ಉಸಿರಿನ ಲೆಕ್ಕ. ಮೊದಲ ಸಂಜೆ ಅವಳು ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ, ಹೇಳದೆ, ಭುಜದ ಏರಿಳಿತ ನೋಡಿ ಒಂದು ನಿಮಿಷ ಎಣಿಸಿದೆ. ಹೇಳಿ ಎಣಿಸಿದರೆ ಯಾರ ಉಸಿರೂ ಸಹಜವಾಗಿರುವುದಿಲ್ಲ. ಹದಿನೇಳು ಬಂತು. ಒಂದು ಉಸಿರಿಗೆ ಮೂರೂವರೆ ಸೆಕೆಂಡು. ನಾನು ಕಲಿತ ತರಗತಿಯಲ್ಲಿ ನಾಲ್ಕು ಎಣಿಸುವವರೆಗೆ ಒಳಕ್ಕೆ, ನಾಲ್ಕು ಎಣಿಸುವವರೆಗೆ ಹೊರಕ್ಕೆ, ಅಂದರೆ ಎಂಟು ಸೆಕೆಂಡು. ಅದನ್ನೇ ಹೇಳಿದ್ದರೆ ಅವಳ ಸಹಜ ಉಸಿರಿನ ಎರಡರಷ್ಟಕ್ಕೂ ಹೆಚ್ಚು ಎಳೆಯಬೇಕಾಗುತ್ತಿತ್ತು. ಎರಡು ಒಳಕ್ಕೆ, ಎರಡು ಹೊರಕ್ಕೆ ಎಂದು ಶುರು ಮಾಡಿದೆವು.

ಎಣಿಸುವವರು ಯಾರು? ಇಲ್ಲಿ ನಾನು ಎರಡು ಸಲ ತಪ್ಪು ಮಾಡಿದೆ. ಮೊದಲು ಅವಳೇ ಎಣಿಸಲಿ ಎಂದೆ. ಅವಳು ಜೋರಾಗಿ "ಒಂದು, ಎರಡು" ಎನ್ನುತ್ತಾ ಕೈ ಎತ್ತಿದಳು. ಮಾತಾಡುವಾಗ ಉಸಿರು ಹೊರಗೆ ಹೋಗುತ್ತದಲ್ಲ, ಎಳೆದುಕೊಳ್ಳುವುದು ಯಾವಾಗ? ನಾಲ್ಕನೆಯ ಸಲಕ್ಕೆ ಏದುಸಿರು ಬಂತು. ಆಮೇಲೆ ನನ್ನ ದನಿಯಲ್ಲಿ ಎಣಿಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟೆ. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಒಳಗಿನಿಂದ ಇಣುಕಿ ನೋಡಿದರೆ ಅಜ್ಜಿ ರೆಕಾರ್ಡಿನ ಹಿಂದೆ ಓಡುತ್ತಿದ್ದಾಳೆ. ಭುಜ ಕಿವಿಯ ಕಡೆ ಎದ್ದಿದೆ, ಬಾಯಿ ತೆರೆದಿದೆ, ನನ್ನ ದನಿ "ಬಿಡು" ಎಂದಾಗ ಬಿಡಲು ಅವಳೊಳಗೆ ಏನೂ ಉಳಿದಿಲ್ಲ. ಅವಳ ಉಸಿರು ಎಲ್ಲಿದೆ ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅದನ್ನು ಅಳಿಸಿಹಾಕಿದೆ.

ಪರಿಹಾರ ಸಿಕ್ಕಿದ್ದು ರಾಗಿ ಅಳೆಯುವಾಗ. ಪಕ್ಕದ ಮನೆಯವರಿಗೆ ಸಾಲ ತೀರಿಸಲು ಅಜ್ಜಿ ಸೇರಿನಲ್ಲಿ ಅಳೆದು ಹಾಕುತ್ತಿದ್ದಳು: "ಲಾಭ... ಎರಡು... ಮೂರು..." ಅಳತೆಯಲ್ಲಿ ಒಂದು ಎನ್ನುವುದಿಲ್ಲ, ಮೊದಲನೆಯದು ಯಾವಾಗಲೂ ಲಾಭ. ಗಮನಿಸಿದರೆ, ಸೇರನ್ನು ಸುರಿಯುವಾಗ ಹೇಳುತ್ತಾಳೆ, ರಾಶಿಯೊಳಕ್ಕೆ ಇಳಿಸಿ ತುಂಬಿಕೊಳ್ಳುವಾಗ ಸುಮ್ಮನಿರುತ್ತಾಳೆ. ತುಂಬಿಕೊಳ್ಳುವಾಗ ಮೌನ, ಸುರಿಯುವಾಗ ಲೆಕ್ಕ. "ಅಜ್ಜಿ, ಉಸಿರನ್ನೂ ಹಿಂಗೇ ಅಳಿ. ಎಳೆದುಕೊಳ್ಳೋದನ್ನ ಎಣಿಸಬೇಡ, ಬಿಡೋವಾಗ ಮಾತ್ರ ಮೆಲ್ಲಗೆ ಬಾಯಲ್ಲಿ ಹೇಳು." ಅಂದಿನಿಂದ ಲೆಕ್ಕ ಸರಿಹೋಯಿತು. ಬಾಯಿಬಿಟ್ಟು ಎಣಿಸುತ್ತಿರುವವರು ಉಸಿರು ಕಟ್ಟಲಾರರು. ಹಾಗಾಗಿ ಡಾಕ್ಟರರ ಎರಡನೆಯ ಮಾತೂ ತಾನಾಗಿಯೇ ಪಾಲನೆಯಾಗುತ್ತದೆ. ಹೊರಬಿಡುವುದು ಪೂರ್ತಿಯಾದರೆ ಒಳಬರುವುದು ತನ್ನಷ್ಟಕ್ಕೆ ಬರುತ್ತದೆ, ಅದಕ್ಕೆ ಅಪ್ಪಣೆ ಬೇಕಿಲ್ಲ. ಶ್ರಮದ ಕೆಲಸವನ್ನೆಲ್ಲ ಹೊರಬಿಡುವ ಉಸಿರಿಗೆ ಕಟ್ಟಿದೆವು. ಒಂದು ವಾರ 'ಲಾಭ, ಎರಡು'. ಎರಡನೆಯ ವಾರದಲ್ಲಿ ಅವಳೇ ಮೂರಕ್ಕೆ ಹೋದಳು.

ಕೊನೆಗೆ ನಿಂತ ಕ್ರಮ ಹೀಗಿದೆ. ಬೆಳಿಗ್ಗೆ ಎದ್ದ ಕೂಡಲೇ ಅಲ್ಲ. ಹಾಸಿಗೆಯ ಮೇಲೆ ಸ್ವಲ್ಪ ಕೂತು, ಮುಖ ತೊಳೆದು, ಬಿಸಿನೀರು ಕುಡಿದ ಮೇಲೆ. ಬೆಂಚಿನ ಮುಂದಿನ ಅಂಚಿಗೆ ಬಂದು, ಪಾದ ಊರಿ, ಕೈ ಮುಗಿದು, ಆರು ಉಸಿರು ಏನೂ ಮಾಡದೆ ಕೂರುವುದು. ಆಮೇಲೆ ಉಸಿರು ಎಳೆಯುತ್ತಾ ಎರಡೂ ಕೈಯನ್ನು ಮುಂದಿನಿಂದ ಮೇಲಕ್ಕೆ, ಎಣಿಸುತ್ತಾ ಕೆಳಕ್ಕೆ, ನಾಲ್ಕು ಸಲ. ಪಟದ ಹುಡುಗ ಇಲ್ಲಿ ಬೆನ್ನನ್ನು ಹಿಂದಕ್ಕೆ ಬಿಲ್ಲಿನಂತೆ ಬಗ್ಗಿಸಿದ್ದಾನೆ. ಅಜ್ಜಿ ಬಗ್ಗಿಸುವುದಿಲ್ಲ, ಕತ್ತು ಎತ್ತುವುದೂ ಇಲ್ಲ, ಎದುರಿನ ತುಳಸಿಕಟ್ಟೆಯನ್ನು ನೋಡುತ್ತಾಳೆ. ಬಲಗೈ ಕಿವಿಯ ಮಟ್ಟಕ್ಕೆ ನಿಲ್ಲುತ್ತದೆ. ಎಡಗೈ ಇನ್ನೂ ಹೋಗಬಲ್ಲದು, ಆದರೂ ಬಲಗೈಗಾಗಿ ಕಾಯುತ್ತದೆ.

ಮುಂದೆ ಬಾಗುವುದು. ಕೂತಲ್ಲೇ, ಎಣಿಸುತ್ತಾ, ಅಂಗೈಯನ್ನು ತೊಡೆಯ ಮೇಲೆ ಜಾರಿಸಿ ಮೊಣಕಾಲಿನವರೆಗೆ ಮಾತ್ರ. ಬೆನ್ನು ಗೂನಾಗಬಾರದು, ಸೊಂಟದಲ್ಲಿ ಮಡಿಯಬೇಕು. ವಯಸ್ಸಾದ ಹೆಂಗಸರ ಬೆನ್ನುಮೂಳೆ ಸವೆದಿರುವ ಸಾಧ್ಯತೆ ಹೆಚ್ಚು, ಗೂನು ಬಾಗಿದರೆ ಅದರ ಮುಂಭಾಗದ ಮೇಲೆ ಭಾರ ಬೀಳುತ್ತದೆ. ಏಳುವಾಗ ಕೈಯಿಂದ ತೊಡೆಯನ್ನು ಒತ್ತಿ ಏಳುವುದು. ನಾಲ್ಕು ಸಲವಾದ ಮೇಲೆ ಎರಡು ಉಸಿರು ಸುಮ್ಮನೆ. ಆ ಎರಡು ಉಸಿರನ್ನು ನಾನು ಯಾವ ಕಾರಣಕ್ಕೂ ಬಿಡಲು ಒಪ್ಪಲಿಲ್ಲ, ಅಂಗಳದಲ್ಲಿ ತಲೆ ತಿರುಗಿದ್ದು ಆ ಜಾಗದಲ್ಲೇ.

ನಂತರ ಗೋಡೆಯ ಕಡೆ ತಿರುಗಿ, ಭುಜದ ಎತ್ತರಕ್ಕೆ ಎರಡೂ ಅಂಗೈ ಊರಿ, ಉಸಿರೆಳೆಯುತ್ತಾ ಒಂದು ಕಾಲು ಹಿಂದಕ್ಕೆ, ಎಣಿಸುತ್ತಾ ವಾಪಸು. ಒಂದೊಂದು ಕಾಲಿಗೆ ಮೂರು. ಹೆಜ್ಜೆಯ ಉದ್ದ ಮೊದಲ ದಿನ ಒಂದು ಗೇಣು, ಆಮೇಲೆ ಒಂದೂವರೆ. ಅದೇ ಗೋಡೆಯಲ್ಲಿ ಮೊಣಕೈ ಮಡಿಸಿ ಎದೆಯನ್ನು ಹತ್ತಿರ ತಂದು, ಎಣಿಸುತ್ತಾ ದೂರ ತಳ್ಳುವುದು ನಾಲ್ಕು. ಐದರಿಂದ ಎಂಟರವರೆಗಿನ ನಾಲ್ಕು ಚೌಕ ಇಲ್ಲಿ ಒಂದಾಗಿದೆ.

ಆಮೇಲಿನದು ಪಟದಲ್ಲಿಲ್ಲ. ಬೆಂಚಿನಿಂದ ಏಳುವುದು, ಕೂರುವುದು. ಪಾದವನ್ನು ಸ್ವಲ್ಪ ಹಿಂದಕ್ಕೆ ಎಳೆದು, ಮೂಗು ಮೊಣಕಾಲಿನ ನೇರಕ್ಕೆ ಬರುವಷ್ಟು ಮುಂದಕ್ಕೆ ವಾಲಿ, "ಲಾಭ, ಎರಡು, ಮೂರು" ಎನ್ನುತ್ತಾ ಎದ್ದು ನಿಲ್ಲುವುದು. ನಿಂತು ಒಂದು ಉಸಿರು ತಾಳಿ, ಕೈ ಹಿಂದಕ್ಕೆ ಚಾಚಿ ಬೆಂಚನ್ನು ಮುಟ್ಟಿ ನೋಡಿಕೊಂಡು, ಮೆಲ್ಲಗೆ ಕೂರುವುದು. ಧೊಪ್ಪನೆ ಬಿದ್ದರೆ ಆ ಸಲದ್ದು ಲೆಕ್ಕಕ್ಕಿಲ್ಲ. ನಾಲ್ಕು ಸಲ. ಅಜ್ಜಿ ಒಬ್ಬಳೇ ಮನೆಯಲ್ಲಿರಬೇಕಾದರೆ ಬೇಕಾದದ್ದು ಇದೇ, ಕೂತಲ್ಲಿಂದ ಯಾರ ಕೈಯೂ ಇಲ್ಲದೆ ಏಳುವುದು. ಪಟದ ಬಿಳಿ ಗೆರೆಯಲ್ಲಿದ್ದದ್ದನ್ನು ಒಂದು ಚೌಕ ಮಾಡಿದೆ, ಅಷ್ಟೆ. ಕೊನೆಗೆ ಗೋಡೆಗೆ ಒರಗಿ ಹತ್ತು ಉಸಿರು. ನಿಂತು ತಾಳುವ ಉಸಿರುಗಳನ್ನು ಬಿಟ್ಟು ಕೂಡಿದರೆ ನಲವತ್ತು. ನಡುನಡುವೆ ಸೀರೆ ಸರಿಮಾಡಿಕೊಳ್ಳುವುದು, ಬೆಕ್ಕನ್ನು ಓಡಿಸುವುದು ಎಲ್ಲ ಸೇರಿ ಹತ್ತು ನಿಮಿಷ.

ಹೆಚ್ಚಾಯಿತು ಎಂದು ತಿಳಿಯುವುದು ಹೇಗೆ ಎಂದು ಅವಳೇ ಕೇಳಿದಳು. ಮೂರು ಎನ್ನುವ ಮೊದಲೇ ದನಿ ಕಟ್ಟಿದರೆ, ಬಾಯಿಂದ ಉಸಿರು ಎಳೆಯಬೇಕೆನಿಸಿದರೆ ಆ ಚಲನೆಯನ್ನು ಅರ್ಧಕ್ಕೆ ಇಳಿಸಬೇಕು. ಎದೆ ಹಿಡಿದರೆ, ಕಣ್ಣು ಮಂಜಾದರೆ ಅಲ್ಲೇ ಕೂತು ಬಿಡಬೇಕು, ಪಕ್ಕದ ಮನೆಯವರನ್ನು ಕರೆಯಬೇಕು, ಅವತ್ತು ಮುಗಿಯಿತು. ಮಂಡಿಯ ನೋವು ಮಾರನೆಯ ಬೆಳಗಿಗೂ ಉಳಿದಿದ್ದರೆ ಹಿಂದಿನ ದಿನ ಏಳುವ ಕೂರುವ ಲೆಕ್ಕ ಜಾಸ್ತಿಯಾಗಿದೆ ಎಂದರ್ಥ. ಇಷ್ಟೆಲ್ಲ ಹೇಳಿದ್ದೆ. ಹೇಳದೆ ಬಿಟ್ಟದ್ದು ಒಂದೇ. ನಾನು ವಾಪಸು ಬಂದ ಎರಡನೆಯ ವಾರ ಅವಳು ಬಿ.ಪಿ. ಗುಳಿಗೆ ನಿಲ್ಲಿಸಿದ್ದಳು. "ಯೋಗ ಮಾಡ್ತಿದೀನಲ್ಲ, ಇನ್ನು ಅದ್ಯಾಕೆ?" ನಾಲ್ಕು ದಿನದ ಮೇಲೆ ಫೋನಿನಲ್ಲಿ ಬಾಯಿತಪ್ಪಿ ಬಂತು. ಮಾವನ ಹತ್ತಿರ ಹೇಳುತ್ತೇನೆ ಎಂದು ಹೆದರಿಸಿ, ಅದೇ ದಿನ ಡಾಕ್ಟರ ಬಳಿ ಕಳಿಸಿ, ಮತ್ತೆ ಶುರು ಮಾಡಿಸಬೇಕಾಯಿತು. ಹಾಳೆಯ ಕೊನೆಯಲ್ಲಿ ಈಗ ಒಂದು ಗುಳಿಗೆಯ ಚಿತ್ರವೂ ಇದೆ.

ಹಾಳೆ ಎಂದೆನಲ್ಲ, ಅದು ಹಳೆಯ ಕ್ಯಾಲೆಂಡರಿನ ಹಿಂಬದಿ. ಅಜ್ಜಿಯ ಒಂದು ಕಣ್ಣಿಗೆ ಪೊರೆ ಬಂದಿದೆ, ಅದಕ್ಕೆ ದಪ್ಪ ಮಾರ್ಕರಿನಲ್ಲಿ ಬರೆದೆ. ಆಸನದ ಹೆಸರುಗಳಿಲ್ಲ. ಸೀರೆಯುಟ್ಟ ಗೆರೆಯ ಹೆಂಗಸು, ಬೆಂಚು, ಗೋಡೆ. ಉಸಿರು ಬಿಡುವ ಕಡೆಯಲ್ಲೆಲ್ಲ ಮೂರು ಕಾಳು. ಎಳೆದುಕೊಳ್ಳುವ ಕಡೆ ಖಾಲಿ ಸೇರು.

ಸಂಕ್ರಾಂತಿಗೆ ಹೋದಾಗ ಒಂದು ಬೆಳಿಗ್ಗೆ ಅವಳಿಗೆ ಗೊತ್ತಾಗದಂತೆ ಒಳಗಿನಿಂದ ಕೇಳಿಸಿಕೊಂಡೆ. ಬೆಂಚಿನಿಂದ ಏಳುವುದು ಆರಕ್ಕೆ ಹೋಗಿತ್ತು, ಕೈ ಊರದೆ. ಗೋಡೆ ತಳ್ಳುವುದನ್ನು ಎರಡಕ್ಕೆ ಇಳಿಸಿಕೊಂಡಿದ್ದಳು, ಅದು ಅವಳಿಗೆ ಬೇಸರ. ಮುಗಿದ ಮೇಲಿನ ಹತ್ತು ಉಸಿರು ಇಪ್ಪತ್ತಾದರೂ ಆಗಿತ್ತು. ನಾನು ಹೊರಗೆ ಬಂದೆ. "ನಿಮ್ಮಜ್ಜ ಬಗ್ಗುವಾಗ ಹುಸ್ ಅಂತ ಉಸಿರು ಬಿಡ್ತಿದ್ರು, ನೀರು ಹಾಕ್ತಾ ನಂಗೆ ಕೇಳುಸ್ತಿತ್ತು. ಅವರದು ಲಾಭದಿಂದ ಆರರವರೆಗೂ ಹೋಗ್ತಿತ್ತೇನೋ" ಎಂದಳು. ಎಣಿಸಿದ್ದಾಳೋ, ಈಗ ಕಟ್ಟುತ್ತಿದ್ದಾಳೋ, ನಾನು ಕೇಳಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಎಳ್ಳು ಬೀರಲು ಬಂದಳು. ದಿನಾ ಬೆಳಿಗ್ಗೆ ಏನೋ ಎಣಿಸುತ್ತೀಯಲ್ಲ, ಏನದು ಎಂದು ಕೇಳಿದಳು. ಕ್ಯಾಲೆಂಡರಿನ ಹಾಳೆ ಅಜ್ಜಿಯ ತಲೆಯ ಮೇಲೇ ತೂಗುತ್ತಿತ್ತು. ಅವಳು ಅದರ ಕಡೆ ನೋಡಲೇ ಇಲ್ಲ. ಸೊಂಟದಿಂದ ಫೋನು ತೆಗೆದು, ಹುಡುಕಿ, ನೆಲಕ್ಕೆ ಕೈಯೂರಿ ತಲೆಯನ್ನು ಮೊಣಕಾಲಿಗೆ ಹಚ್ಚಿದ ಆ ಚಡ್ಡಿಯ ಹುಡುಗನನ್ನು ತೋರಿಸಿ, "ಇದೇ ಕಣವ್ವ" ಎಂದಳು.